ಬಿಡಿ ಸಿಗರೇಟು ಮತ್ತು ಒಡೆದ ಕಿಟಕಿ: ಬೇ ಸ್ಟ್ರೀಟ್‌ನ ಒಂದು ಮಧ್ಯಾಹ್ನ

2014ರ ಜುಲೈ 17, ಗುರುವಾರ. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡ್. ಟಾಂಪ್ಕಿನ್ಸ್‌ವಿಲ್ ಪಾರ್ಕಿನ ಹತ್ತಿರ, ಬೇ ಸ್ಟ್ರೀಟ್‌ನ ಒಂದು ಅಂಗಡಿಯ ಮುಂದೆ ಎರಿಕ್ ಗಾರ್ನರ್ ನಿಂತಿದ್ದರು. ವಯಸ್ಸು 43, ಆರು ಮಕ್ಕಳ ತಂದೆ, ಭಾರೀ ಆಳು. ಹಿಂದೆ ನಗರದ ಉದ್ಯಾನ ಇಲಾಖೆಯಲ್ಲಿ ಗಿಡಮರ ನೋಡಿಕೊಳ್ಳುವ ಕೆಲಸ ಮಾಡಿದ್ದರು. ಆಸ್ತಮಾ ಇತ್ತು. ಆ ಬೀದಿಯಲ್ಲಿ ಅವರು ಬಿಡಿ ಸಿಗರೇಟು ಮಾರುತ್ತಾರೆ ಅನ್ನುವುದು ಅಕ್ಕಪಕ್ಕದವರಿಗೂ ಪೊಲೀಸರಿಗೂ ಗೊತ್ತಿತ್ತು.

ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರು, ಜಸ್ಟಿನ್ ಡಮೀಕೊ ಮತ್ತು ಡೇನಿಯಲ್ ಪ್ಯಾಂಟಲಿಯೊ, ಅವರ ಹತ್ತಿರ ಬಂದರು. ಗಾರ್ನರ್ ಆಗಷ್ಟೇ ಅಲ್ಲೊಂದು ಜಗಳ ಬಿಡಿಸಿದ್ದರು ಎಂದು ಅಲ್ಲಿದ್ದವರು ಹೇಳಿದರು. ಮುಂದೆ ನಡೆದದ್ದನ್ನು ಗಾರ್ನರ್ ಅವರ ಗೆಳೆಯನೊಬ್ಬ ಫೋನಿನಲ್ಲಿ ಚಿತ್ರೀಕರಿಸಿದ. ಕೆಲವು ನಿಮಿಷ ಬರೀ ಮಾತು. ತಾನೇನೂ ಮಾರಿಲ್ಲ ಅನ್ನುತ್ತಾರೆ ಗಾರ್ನರ್. ನನ್ನನ್ನು ಕಂಡಾಗಲೆಲ್ಲ ಪೀಡಿಸ್ತೀರಿ, ಸಾಕಾಗಿದೆ, ಇದು ಇವತ್ತಿಗೆ ಮುಗಿಯಬೇಕು ಅನ್ನುತ್ತಾರೆ. ಕೈಕೋಳ ಹಾಕಲು ಬಂದಾಗ ಮುಟ್ಟಬೇಡಿ ಎಂದು ಕೈ ಎಳೆದುಕೊಳ್ಳುತ್ತಾರೆ. ಹಿಂದಿನಿಂದ ಪ್ಯಾಂಟಲಿಯೊ ಅವರ ತೋಳು ಕುತ್ತಿಗೆಯ ಸುತ್ತ ಬರುತ್ತದೆ. ಗಾರ್ನರ್ ನೆಲಕ್ಕೆ ಬೀಳುತ್ತಾರೆ. ಇನ್ನಷ್ಟು ಪೊಲೀಸರು ಮೇಲೆ ಬಿದ್ದು ಹಿಡಿಯುತ್ತಾರೆ. ಮುಖ ಫುಟ್‌ಪಾತಿಗೆ ಒತ್ತಿದೆ. "ಉಸಿರಾಡೋಕೆ ಆಗ್ತಿಲ್ಲ" ಎಂದು 11 ಸಲ ಹೇಳುತ್ತಾರೆ. ಆಮೇಲೆ ಮಾತಿಲ್ಲ. ಸುಮಾರು ಒಂದು ಗಂಟೆಯ ನಂತರ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಿದ್ದಾರೆ ಎಂದು ಘೋಷಿಸಲಾಯಿತು.

ನಮ್ಮಲ್ಲಿ ಪೆಟ್ಟಿ ಅಂಗಡಿ ಮುಂದೆ ಒಂದೇ ಒಂದು ಸಿಗರೇಟು ಕೊಂಡು ಹಚ್ಚಿಕೊಳ್ಳುವವರನ್ನು ನೋಡುತ್ತಲೇ ಬೆಳೆದವರು ನಾವು. ಅದಕ್ಕೇ ಈ ಪ್ರಕರಣ ಓದುವಾಗ ಮೊದಲು ಬರುವ ಪ್ರಶ್ನೆ ತುಂಬಾ ಸರಳ: ಬಿಡಿ ಸಿಗರೇಟಿನ ಹಿಂದೆ ಇಷ್ಟೊಂದು ಪೊಲೀಸರು ಯಾಕೆ ಬಂದರು? ಆ ಇಬ್ಬರು ಪೊಲೀಸರ ಸ್ವಭಾವ ನೋಡಿದರೆ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಅವರನ್ನು ಆ ಫುಟ್‌ಪಾತಿಗೆ ಕಳಿಸಿದ ವಿಚಾರಕ್ಕೆ ಆಗ 32 ವರ್ಷ ವಯಸ್ಸು.

ಕಿಟಕಿಯ ಮಾತು ಶುರುವಾದದ್ದು

1982ರ ಮಾರ್ಚ್‌ನಲ್ಲಿ ಅಮೆರಿಕದ 'ಅಟ್ಲಾಂಟಿಕ್' ಮಾಸಪತ್ರಿಕೆಯಲ್ಲಿ ರಾಜ್ಯಶಾಸ್ತ್ರಜ್ಞ ಜೇಮ್ಸ್ ಕ್ಯೂ. ವಿಲ್ಸನ್ ಮತ್ತು ಅಪರಾಧಶಾಸ್ತ್ರಜ್ಞ ಜಾರ್ಜ್ ಕೆಲ್ಲಿಂಗ್ ಒಂದು ಲೇಖನ ಬರೆದರು. ಕಟ್ಟಡವೊಂದರ ಒಂದು ಕಿಟಕಿ ಗಾಜು ಒಡೆದಿದೆ, ಯಾರೂ ಸರಿಮಾಡಲಿಲ್ಲ ಅಂದುಕೊಳ್ಳಿ. ಉಳಿದ ಗಾಜುಗಳೂ ಬೇಗ ಒಡೆಯುತ್ತವೆ. ಇಲ್ಲಿ ಕೇಳುವವರು ಯಾರೂ ಇಲ್ಲ ಅನ್ನುವ ಸೂಚನೆ ಅದು. ಬೀದಿಯೂ ಹಾಗೇ ಎಂದರು ಅವರು. ಕುಡಿದು ಬಿದ್ದವರು, ಪೀಡಿಸುವ ಭಿಕ್ಷುಕರು, ಗೋಡೆ ಮೇಲಿನ ಗೀಚು, ಇವನ್ನೆಲ್ಲ ಹಾಗೇ ಬಿಟ್ಟರೆ ಜನ ಹೆದರಿ ಮನೆ ಸೇರುತ್ತಾರೆ, ಬೀದಿಯ ಮೇಲಿನ ನಿಗಾ ತಪ್ಪುತ್ತದೆ, ಆಗ ದೊಡ್ಡ ಅಪರಾಧಕ್ಕೆ ದಾರಿ ಸಿಗುತ್ತದೆ.

ಈ ವಾದದ ಬೇರು ಇದ್ದದ್ದು ನ್ಯೂಜೆರ್ಸಿಯ ನೆವಾರ್ಕ್ ಊರಿನಲ್ಲಿ. ಅಲ್ಲಿ 70ರ ದಶಕದ ಕೊನೆಗೆ ಪೊಲೀಸರನ್ನು ಕಾರಿನಿಂದ ಇಳಿಸಿ ನಡೆದು ಗಸ್ತು ಮಾಡಿಸಿ ನೋಡಿದ್ದರು. ಅಪರಾಧ ಕಡಿಮೆಯಾಗಲಿಲ್ಲ. ಆದರೆ ಜನರ ಭಯ ಕಡಿಮೆಯಾಯಿತು. ಕೆಲ್ಲಿಂಗ್ ಆ ಪೊಲೀಸರ ಜೊತೆ ಎಷ್ಟೋ ಹೊತ್ತು ನಡೆದಿದ್ದರು. ಅವರು ಕಂಡದ್ದು ಲೇಖನದಲ್ಲಿದೆ, ಅದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕುಡಿದವರು ಮೆಟ್ಟಿಲ ಮೇಲೆ ಕೂರಬಹುದು, ಮಲಗುವ ಹಾಗಿಲ್ಲ. ಪಕ್ಕದ ಗಲ್ಲಿಯಲ್ಲಿ ಕುಡಿಯಬಹುದು, ಮುಖ್ಯ ಸರ್ಕಲ್‌ನಲ್ಲಿ ಕುಡಿಯುವ ಹಾಗಿಲ್ಲ. ಬಾಟಲಿ ಕಾಗದದ ಚೀಲದೊಳಗೆ ಇರಬೇಕು. ಬಸ್ಸಿಗೆ ಕಾಯುವವರನ್ನು ಪೀಡಿಸಿ ಬೇಡಬಾರದು. ಇವು ಯಾವ ಕಾನೂನು ಪುಸ್ತಕದಲ್ಲೂ ಇದ್ದ ನಿಯಮಗಳಲ್ಲ. ಬೀಟ್ ಪೊಲೀಸರು, ಅಂಗಡಿಯವರು, ಅಲ್ಲಿ ಸದಾ ಇರುವವರು ದಿನದಿನದ ಒಡನಾಟದಲ್ಲಿ ಮಾಡಿಕೊಂಡ ಹೊಂದಾಣಿಕೆ. ಕುಡಿದವನಿಗೂ ಅಲ್ಲೊಂದು ಜಾಗ ಇತ್ತು.

ಇಷ್ಟರ ಮಟ್ಟಿಗೆ ಈ ವಿಚಾರವನ್ನು ನಾನು ಗೌರವದಿಂದಲೇ ನೋಡುತ್ತೇನೆ. ಮನೆ ಮುಂದೆ ದಿನವೂ ಗಲಾಟೆ ಇದ್ದರೆ ವಯಸ್ಸಾದವರು ಹೊರಗೆ ಕಾಲಿಡುವುದಿಲ್ಲ. ಅವರ ದೂರನ್ನು ಸಣ್ಣದು ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಜಾಗ ಇದೆ. ಪೊಲೀಸರು ಬೀದಿಯವರ ಪೂರ್ವಗ್ರಹದ ಏಜೆಂಟರಾಗದಂತೆ ತಡೆಯುವುದು ಹೇಗೆ ಎಂದು ಲೇಖಕರೇ ಕೇಳಿಕೊಳ್ಳುತ್ತಾರೆ. ಪೂರ್ತಿ ಸಮಾಧಾನ ಕೊಡುವ ಉತ್ತರ ತಮ್ಮ ಬಳಿ ಇಲ್ಲ ಎಂದು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಬೇ ಸ್ಟ್ರೀಟ್‌ನಲ್ಲಿ ಎದುರಾದದ್ದು ಆ ಉತ್ತರ ಸಿಗದ ಪ್ರಶ್ನೆಯೇ.

ಒಡನಾಟ ಹೋಗಿ ಲೆಕ್ಕ ಬಂತು

1990ರಲ್ಲಿ ನ್ಯೂಯಾರ್ಕ್‌ನಲ್ಲಿ 2,245 ಕೊಲೆಗಳಾದವು. ಆ ವರ್ಷ ವಿಲಿಯಂ ಬ್ರ್ಯಾಟನ್ ಸಬ್‌ವೇ ಪೊಲೀಸರ ಮುಖ್ಯಸ್ಥರಾದರು. ಟಿಕೆಟ್ ಇಲ್ಲದೆ ಗೇಟು ಹಾರುವವರನ್ನು ಸಾಲಾಗಿ ಹಿಡಿಸಿದರು. ಹಿಡಿದವರಲ್ಲಿ ಸುಮಾರು ಏಳರಲ್ಲಿ ಒಬ್ಬರ ಮೇಲೆ ಮೊದಲೇ ವಾರಂಟ್ ಇತ್ತು. ಸಣ್ಣ ತಪ್ಪು ಹಿಡಿದರೆ ದೊಡ್ಡ ಅಪರಾಧಿ ಸಿಗುತ್ತಾನೆ ಅನ್ನುವ ನಂಬಿಕೆ ಅಲ್ಲಿ ಗಟ್ಟಿಯಾಯಿತು. 1994ರಲ್ಲಿ ರೂಡಿ ಜೂಲಿಯಾನಿ ಮೇಯರ್ ಆದಾಗ ಬ್ರ್ಯಾಟನ್ ಇಡೀ ನಗರದ ಪೊಲೀಸ್ ಕಮಿಷನರ್ ಆದರು. ಅದೇ ವರ್ಷ ಕಾಂಪ್‌ಸ್ಟ್ಯಾಟ್ ಅನ್ನುವ ಪದ್ಧತಿ ಬಂತು. ಠಾಣೆಯ ಮುಖ್ಯಸ್ಥರು ಮೇಲಧಿಕಾರಿಗಳ ಮುಂದೆ ನಿಂತು ತಮ್ಮ ಪ್ರದೇಶದ ಅಂಕಿಸಂಖ್ಯೆಗೆ ಉತ್ತರ ಕೊಡಬೇಕು.

ಇಲ್ಲಿ ಆದ ಬದಲಾವಣೆ ಮೇಲುನೋಟಕ್ಕೆ ಕಾಣುವುದಿಲ್ಲ. ನೆವಾರ್ಕ್‌ನಲ್ಲಿ ಪೊಲೀಸಪ್ಪ ಕುಡಿದವನನ್ನು ಹೆಸರು ಹಿಡಿದು ಕರೆದು "ಎದ್ದು ಕೂತ್ಕೋ" ಅಂದರೆ ಅದು ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಸಮನ್ಸ್ ಬರೆದರೆ, ಅರೆಸ್ಟ್ ಮಾಡಿದರೆ ದಾಖಲಾಗುತ್ತದೆ. ಎಣಿಸಬಹುದಾದ ಕೆಲಸಕ್ಕೇ ಬೆಲೆ ಇರುವ ಕಡೆ, ಎಣಿಸಲಾಗದ ಕೆಲಸ ನಿಂತುಹೋಗುತ್ತದೆ. ಕಿಟಕಿ ಸರಿಮಾಡುವುದು ಅಂದರೆ ಮನುಷ್ಯನನ್ನು ಹಿಡಿಯುವುದು ಅಂತಾಯಿತು. 2010ರಿಂದ 2015ರವರೆಗೆ ನ್ಯೂಯಾರ್ಕ್ ಪೊಲೀಸರು ಇಂಥ ಚಿಲ್ಲರೆ ತಪ್ಪುಗಳಿಗೆ ಬರೆದ ಸಮನ್ಸ್ ಸುಮಾರು 18 ಲಕ್ಷ.

2014ರ ಜನವರಿಯಲ್ಲಿ ಬ್ರ್ಯಾಟನ್ ಎರಡನೇ ಸಲ ಕಮಿಷನರ್ ಆಗಿ ಬಂದರು. ಅದಕ್ಕೆ ಕೆಲವೇ ತಿಂಗಳ ಮುಂಚೆ, ದಾರಿಹೋಕರನ್ನು ನಿಲ್ಲಿಸಿ ತಡಕುವ ಪೊಲೀಸರ ಪದ್ಧತಿ ನಡೆಯುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ತೀರ್ಪು ಕೊಟ್ಟಿದ್ದರು. ತಡಕುವುದು ಕಡಿಮೆಯಾಗಿತ್ತು. ಸಣ್ಣ ತಪ್ಪು ಹಿಡಿಯುವುದು ಮಾತ್ರ ಮುಂದುವರಿದಿತ್ತು.

ಬೇ ಸ್ಟ್ರೀಟ್‌ಗೆ ವಾಪಸ್

ಟಾಂಪ್ಕಿನ್ಸ್‌ವಿಲ್ ಪಾರ್ಕಿನ ಸುತ್ತ ತೆರಿಗೆ ಇಲ್ಲದ ಸಿಗರೇಟು ಮಾರುತ್ತಾರೆ, ಗುಂಪು ಕಟ್ಟಿ ನಿಲ್ಲುತ್ತಾರೆ ಎಂಬ ದೂರುಗಳು ಠಾಣೆಗೆ ಬಂದಿದ್ದವು. ಇವು ಸುಳ್ಳು ದೂರುಗಳಲ್ಲ. ಪೊಲೀಸರು ಸುಮ್ನೆ ಬಂದರು ಎನ್ನುವುದೂ ಸರಿಯಲ್ಲ. ಆ ದಿನ ಕಾರಿನಲ್ಲಿ ಆ ಕಡೆ ಹಾದುಹೋದ ಲೆಫ್ಟಿನೆಂಟ್ ಒಬ್ಬರು ಗುಂಪು ಕಂಡು, ಅಲ್ಲಿಗೆ ಹೋಗಿ ನೋಡಿ ಎಂದು ತಮ್ಮವರಿಗೆ ಹೇಳಿದರು.

ದೂರಿನ ಮೂಲ ಎಲ್ಲಿದೆ ನೋಡಿ. ಆಗ ನ್ಯೂಯಾರ್ಕ್ ನಗರದಲ್ಲಿ ಒಂದು ಪ್ಯಾಕ್ ಸಿಗರೇಟಿನ ಮೇಲೆ ರಾಜ್ಯದ ತೆರಿಗೆ 4.35 ಡಾಲರ್, ನಗರದ ತೆರಿಗೆ 1.50 ಡಾಲರ್. ಒಟ್ಟು 5.85. ಕಾರಿನಲ್ಲಿ ಕೆಲವೇ ಗಂಟೆ ದೂರದ ವರ್ಜೀನಿಯಾದಲ್ಲಿ ರಾಜ್ಯದ ತೆರಿಗೆ 30 ಸೆಂಟ್. ಇಷ್ಟು ವ್ಯತ್ಯಾಸ ಇದ್ದಾಗ ಅಲ್ಲಿಂದ ಇಲ್ಲಿಗೆ ಮಾಲು ಬರುತ್ತದೆ. ಪೂರ್ತಿ ಪ್ಯಾಕ್ ಕೊಳ್ಳಲು ಆಗದವರು ಬಿಡಿಯಾಗಿ ಕೊಳ್ಳುತ್ತಾರೆ. ಒಬ್ಬ ಮಾರುವವನನ್ನು ಎತ್ತಿಕೊಂಡು ಹೋದರೆ ಅವನೇ ಜಾಮೀನಿನ ಮೇಲೆ ವಾಪಸ್ ಬರುತ್ತಾನೆ, ಇಲ್ಲವೇ ಇನ್ನೊಬ್ಬ ಆ ಜಾಗಕ್ಕೆ ಬರುತ್ತಾನೆ. ಗಾರ್ನರ್ ವಿಷಯದಲ್ಲಿ ಅದೇ ಆಗಿತ್ತು. ಅವರನ್ನು ಹಿಂದೆ 30ಕ್ಕೂ ಹೆಚ್ಚು ಸಲ ಬಂಧಿಸಲಾಗಿತ್ತು, ಆ ದಿನವೂ ಅವರು ಜಾಮೀನಿನ ಮೇಲೆ ಹೊರಗಿದ್ದರು. ಕಿಟಕಿಗೆ ಗಾಜು ಹಾಕಿದರೆ ಅದು ಸರಿಯಾಗುತ್ತದೆ. ಇಲ್ಲಿ 30 ಸಲ ಬಂಧಿಸಿದ ಮೇಲೂ ಏನೂ ಸರಿಯಾಗಿರಲಿಲ್ಲ. ಪ್ರತಿ ಸಲವೂ ಜಾಸ್ತಿಯಾದದ್ದು ಆ ಮನುಷ್ಯನ ರೋಸಿಹೋದ ಮನಸ್ಸು ಮಾತ್ರ. "ಇವತ್ತಿಗೆ ಮುಗಿಯಬೇಕು" ಎಂಬ ಮಾತು ಬಂದದ್ದು ಅಲ್ಲಿಂದ.

ಇದಕ್ಕೆ ಸುಮಾರು ಎರಡು ವಾರ ಮುಂಚೆ ಇದೇ ಗಾರ್ನರ್ ಅವರಿಗೆ ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟು ಕಳಿಸಿದ್ದರು. ಆಗಲೂ ಅವರು ಕೂಗಾಡಿದ್ದರು, ಕೈ ಬೀಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಅಂದರೆ ಬಿಟ್ಟು ಕಳಿಸುವುದು ಇದೇ ಪೊಲೀಸರಿಗೆ ಗೊತ್ತಿದ್ದ ದಾರಿ.

ವಿಲ್ಸನ್ ಮತ್ತು ಕೆಲ್ಲಿಂಗ್ ಅವರನ್ನು ಸಮರ್ಥಿಸುವವರು ಹೇಳುವುದು ಇಷ್ಟು: ಬಂಧಿಸಲು ಕಾರಣ ಇತ್ತು, ಗಾರ್ನರ್ ಕೈ ಕೊಡಲಿಲ್ಲ, ತಪ್ಪಾದದ್ದು ಹಿಡಿದ ರೀತಿಯಲ್ಲಿ, ವಿಚಾರದಲ್ಲಲ್ಲ. ಇದರಲ್ಲಿ ಅರ್ಧ ನಿಜ ಇದೆ. ಕುತ್ತಿಗೆ ಹಿಡಿಯುವುದನ್ನು ನ್ಯೂಯಾರ್ಕ್ ಪೊಲೀಸ್ ಇಲಾಖೆ 1993ರಲ್ಲೇ ನಿಷೇಧಿಸಿತ್ತು. ವೈದ್ಯಕೀಯ ಪರೀಕ್ಷಕರು ಇದನ್ನು ಇನ್ನೊಬ್ಬರ ಕೈಯಿಂದ ಆದ ಸಾವು ಎಂದು ವರ್ಗೀಕರಿಸಿದರು. ಕುತ್ತಿಗೆ ಮತ್ತು ಎದೆಯ ಮೇಲಿನ ಒತ್ತಡ, ಮಕಾಡೆ ಮಲಗಿಸಿದ್ದು ಕಾರಣ ಎಂದರು. ಆಸ್ತಮಾ, ಬೊಜ್ಜು, ಹೃದಯದ ಕಾಯಿಲೆ ಅದಕ್ಕೆ ಸೇರಿದವು ಎಂದರು. ಆದರೆ ನನ್ನ ಮಟ್ಟಿಗೆ ಆ ಸಮರ್ಥನೆ ಮುಖ್ಯವಾದ ಮಾತನ್ನೇ ಬಿಡುತ್ತದೆ. ಪ್ರತಿ ಬಂಧನದಲ್ಲೂ ಬಲ ಬಳಸುವ ಸಾಧ್ಯತೆ ಇದ್ದೇ ಇದೆ. ಲಕ್ಷಗಟ್ಟಲೆ ಚಿಲ್ಲರೆ ಕಾರಣಗಳಿಗೆ ಪೊಲೀಸರು ಜನರ ಮೈಮೇಲೆ ಕೈ ಹಾಕುವ ವ್ಯವಸ್ಥೆ ಮಾಡಿದರೆ, ಅವುಗಳಲ್ಲಿ ಕೆಲವು ಹೀಗೆ ಮುಗಿಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ಬಿಟ್ಟುಬಿಡಬೇಕು ಅನ್ನುವುದಕ್ಕೆ ಒಡೆದ ಕಿಟಕಿಯ ವಿಚಾರದಲ್ಲಿ ಗೆರೆ ಇಲ್ಲ. ಸಣ್ಣದನ್ನು ಬಿಟ್ಟರೆ ದೊಡ್ಡದು ಬರುತ್ತದೆ ಎಂದು ನಂಬಿದವರಿಗೆ ಬಿಟ್ಟು ಕಳಿಸುವುದೇ ಸೋಲು.

ಯಾವುದು ಒಡೆದ ಕಿಟಕಿ ಅಂತ ಹೇಳೋರು ಯಾರು?

ಗಾರ್ನರ್ ಕಪ್ಪು ಜನಾಂಗದವರು. ಈ ಚರ್ಚೆಯಲ್ಲಿ ಇದನ್ನು ಬಿಟ್ಟು ಮಾತಾಡಲು ಬರುವುದಿಲ್ಲ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಷ್ ಎಂಬ ಸಂಶೋಧಕರು ಷಿಕಾಗೊದ ಬೀದಿಗಳಲ್ಲಿ ನಿಧಾನವಾಗಿ ಗಾಡಿ ಓಡಿಸುತ್ತ, ಎರಡೂ ಬದಿಯನ್ನು ವಿಡಿಯೊ ಮಾಡಿ, ಕಸ, ಗೀಚು, ಕುಡಿದವರು ಎಲ್ಲವನ್ನೂ ಎಣಿಸಿದ್ದರು. 1999ರಲ್ಲಿ ಅವರು ಹೇಳಿದ್ದು: ಬೀದಿಯ ಅವ್ಯವಸ್ಥೆಯಿಂದ ಅಪರಾಧ ಹುಟ್ಟುವುದಕ್ಕಿಂತ, ಎರಡೂ ಒಂದೇ ಬೇರಿನಿಂದ ಬರುತ್ತವೆ. ಒಂದೇ ಕಡೆ ಸೇರಿಕೊಂಡ ಬಡತನ, ಅಕ್ಕಪಕ್ಕದವರಲ್ಲಿ ಪರಸ್ಪರ ನಂಬಿಕೆ ಇಲ್ಲದಿರುವುದು ಆ ಬೇರು. 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ವಿಡಿಯೊದಲ್ಲಿ ಕಂಡ ಅವ್ಯವಸ್ಥೆ ಒಂದೇ ಮಟ್ಟದ್ದಾಗಿದ್ದರೂ, ಕಪ್ಪು ಜನ ಜಾಸ್ತಿ ಇರುವ ಕಡೆ ಅವ್ಯವಸ್ಥೆ ಜಾಸ್ತಿ ಎಂದೇ ಜನ ಹೇಳುತ್ತಿದ್ದರು. ಹಾಗೆ ಹೇಳಿದವರಲ್ಲಿ ಕಪ್ಪು ಜನರೂ ಇದ್ದರು. ನೋಡುವ ಕಣ್ಣೇ ಹೀಗಿದ್ದರೆ, ದೂರು ಬಂದ ಕಡೆಗೆಲ್ಲ ಪೊಲೀಸರನ್ನು ಕಳಿಸುವುದು ನ್ಯಾಯವಾದ ಪದ್ಧತಿ ಆಗುತ್ತಾ?

ಹಾಗಾದರೆ ನ್ಯೂಯಾರ್ಕ್‌ನಲ್ಲಿ ಕೊಲೆ ಕಡಿಮೆಯಾದದ್ದು ಸುಳ್ಳಾ? ಸುಳ್ಳಲ್ಲ. ಗಾರ್ನರ್ ಸತ್ತ ವರ್ಷ ಅಲ್ಲಿ ಆದ ಕೊಲೆಗಳು 350ಕ್ಕಿಂತ ಕಡಿಮೆ. ಸಾವಿರಾರು ಜೀವ ಉಳಿದಿವೆ, ಅವರಲ್ಲೂ ಬಹಳಷ್ಟು ಜನ ಕಪ್ಪು ಜನಾಂಗದ ಹುಡುಗರೇ. ಪ್ರಶ್ನೆ ಇರುವುದು ಅದಕ್ಕೆ ಕಾರಣ ಯಾವುದು ಎಂಬುದರಲ್ಲಿ. ಬ್ರ್ಯಾಟನ್ ಕಮಿಷನರ್ ಆಗುವ ಮೊದಲೇ ಇಳಿಕೆ ಶುರುವಾಗಿತ್ತು. ಕ್ರ್ಯಾಕ್ ಕೊಕೇನ್ ಹಾವಳಿ ತಗ್ಗಿತು. ಪೊಲೀಸರ ಸಂಖ್ಯೆಯೇ ಸಾವಿರಾರು ಹೆಚ್ಚಿತು. ಈ ದಾರಿ ಹಿಡಿಯದ ಸ್ಯಾನ್ ಡಿಯೇಗೊದಂಥ ಊರುಗಳಲ್ಲೂ ಅಪರಾಧ ಇಳಿಯಿತು. ಬರ್ನಾರ್ಡ್ ಹಾರ್ಕೋರ್ಟ್ ಮತ್ತು ಜೆನ್ಸ್ ಲುಡ್ವಿಗ್ ಎಂಬ ಸಂಶೋಧಕರು 2006ರಲ್ಲಿ ಇನ್ನೂ ಒಂದು ವಿಷಯ ತೋರಿಸಿದರು. ಸಣ್ಣ ತಪ್ಪಿನ ಬಂಧನ ಜಾಸ್ತಿಯಾದ ಠಾಣೆಗಳಲ್ಲೇ ಅಪರಾಧ ಜಾಸ್ತಿ ಇಳಿದದ್ದು ನಿಜ. ಆದರೆ ಆ ಠಾಣೆಗಳಲ್ಲೇ 80ರ ದಶಕದಲ್ಲಿ ಅಪರಾಧ ಅತಿ ಹೆಚ್ಚು ಏರಿತ್ತು. 104 ಡಿಗ್ರಿ ಜ್ವರ ಬಂದವನದ್ದು ಐದು ಡಿಗ್ರಿ ಇಳಿಯುತ್ತದೆ, 100 ಇದ್ದವನದ್ದು ಒಂದೇ ಇಳಿಯುತ್ತದೆ. ಕೊಟ್ಟ ಕಷಾಯದಿಂದಲೇ ಇಳಿಯಿತು ಎಂದು ಅದರಿಂದ ಹೇಳಲಾಗುವುದಿಲ್ಲ.

ಪೊಲೀಸರೇ ಕೈ ಬಿಟ್ಟಾಗ

2014ರ ಡಿಸೆಂಬರ್ 3ರಂದು ಸ್ಟೇಟನ್ ಐಲೆಂಡ್‌ನ ಗ್ರ್ಯಾಂಡ್ ಜ್ಯೂರಿ, ಅಂದರೆ ಕೇಸು ನಡೆಸಬೇಕೇ ಬೇಡವೇ ಎಂದು ತೀರ್ಮಾನಿಸುವ ನಾಗರಿಕರ ತಂಡ, ಪ್ಯಾಂಟಲಿಯೊ ಮೇಲೆ ಕೇಸು ನಡೆಸಬೇಕಿಲ್ಲ ಎಂದಿತು. ನಗರದ ತುಂಬ ಪ್ರತಿಭಟನೆ. ಡಿಸೆಂಬರ್ 20ರಂದು ಬ್ರೂಕ್ಲಿನ್‌ನಲ್ಲಿ, ಗಾರ್ನರ್ ಸಾವಿನ ಸೇಡು ಎಂದು ಹೇಳಿಕೊಂಡವನೊಬ್ಬ ಗಸ್ತಿನ ಕಾರಿನಲ್ಲಿ ಕೂತಿದ್ದ ರಫಾಯೆಲ್ ರಾಮೋಸ್ ಮತ್ತು ವೆಂಜಿಯನ್ ಲಿಯು ಎಂಬ ಇಬ್ಬರು ಪೊಲೀಸರನ್ನು ಗುಂಡಿಟ್ಟು ಕೊಂದ. ಅವರಿಬ್ಬರಿಗೂ ಬೇ ಸ್ಟ್ರೀಟ್‌ಗೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ದುಃಖ, ಸಿಟ್ಟು, ಆಗಿನ ಮೇಯರ್ ಮೇಲಿನ ಅಸಮಾಧಾನ ಎಲ್ಲ ಸೇರಿ ಪೊಲೀಸರು ಕೆಲವು ವಾರ ಸಣ್ಣ ತಪ್ಪುಗಳ ಕಡೆ ನೋಡುವುದನ್ನೇ ಬಿಟ್ಟರು. ಸಮನ್ಸ್ ಬರೆಯುವುದು ಶೇ 90ಕ್ಕೂ ಹೆಚ್ಚು ಇಳಿಯಿತು. 911ಕ್ಕೆ ಬರುವ ತುರ್ತು ಕರೆಗಳಿಗೆ ಹೋಗುತ್ತಿದ್ದರು, ದೊಡ್ಡ ಅಪರಾಧದ ಕೆಲಸ ನಡೆಯುತ್ತಿತ್ತು. ಒಡೆದ ಕಿಟಕಿಯ ವಾದ ನಿಜವಾಗಿದ್ದರೆ ಅಪರಾಧ ಏರಬೇಕಿತ್ತು. ಕ್ರಿಸ್ಟೋಫರ್ ಸಲಿವನ್ ಮತ್ತು ಜಕಾರಿ ಓಕೀಫ್ 2017ರಲ್ಲಿ ಆ ವಾರಗಳ ಲೆಕ್ಕ ಪ್ರಕಟಿಸಿದರು. ದೊಡ್ಡ ಅಪರಾಧಗಳ ದೂರುಗಳು ಶೇ 3ರಿಂದ 6ರಷ್ಟು ಕಡಿಮೆಯಾಗಿದ್ದವು.

ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಎಣಿಸಿದ್ದು ದೂರುಗಳನ್ನು, ಅಪರಾಧಗಳನ್ನಲ್ಲ. ಪೊಲೀಸರ ಮೇಲೆ ಬೇಸರವಾಗಿ ಜನ ದೂರು ಕೊಡದೇ ಇದ್ದಿರಬಹುದು. ಅದನ್ನು ಪರೀಕ್ಷಿಸಿದ್ದೇವೆ, ಅದರಿಂದಲೇ ಹೀಗಾಯಿತು ಅನ್ನಲು ಆಧಾರ ಕಾಣಲಿಲ್ಲ ಎಂದು ಸಂಶೋಧಕರು ಹೇಳುತ್ತಾರೆ. ಕೆಲವು ವಾರಗಳ ಸಡಿಲಿಕೆಯಿಂದ ಬೀದಿ ಹಾಳಾಗಲು ಸಮಯ ಸಾಲದು ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೂ ಸಣ್ಣದನ್ನು ಹಿಡಿಯದಿದ್ದರೆ ಊರು ಕೈತಪ್ಪುತ್ತದೆ ಎಂಬ ಹೆದರಿಕೆಗೆ ಅದು ದೊಡ್ಡ ಪೆಟ್ಟು. ಪೊಲೀಸ್ ಇಲಾಖೆಯ ಮೇಲೆ ಹೊರಗಿನಿಂದ ನಿಗಾ ಇಡುವ, ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೂ ಆರು ವರ್ಷಗಳ ದಾಖಲೆ ನೋಡಿ 2016ರಲ್ಲಿ, ಚಿಲ್ಲರೆ ಸಮನ್ಸ್ ಮತ್ತು ಬಂಧನಗಳಿಂದ ದೊಡ್ಡ ಅಪರಾಧ ಇಳಿಯಿತು ಎನ್ನಲು ಆಧಾರ ಸಿಗಲಿಲ್ಲ ಎಂದಿತು. ಇಲಾಖೆ ಆ ವರದಿಯ ವಿಧಾನವನ್ನೇ ಪ್ರಶ್ನಿಸಿತು.

ಹಾಗಂತ ಬೀದಿಯನ್ನು ಹಾಗೇ ಬಿಡಬೇಕಾ? ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನಲ್ಲಿ ಅಪರಾಧ ಜಾಸ್ತಿ ಇದ್ದ 34 ಜಾಗಗಳನ್ನು ಆರಿಸಿ, ಅರ್ಧದಲ್ಲಿ ಅವ್ಯವಸ್ಥೆ ಸರಿಪಡಿಸುವ ಕೆಲಸ ಮಾಡಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಆ ಜಾಗಗಳಲ್ಲಿ ಅಪರಾಧದ ಕರೆಗಳು ಇಳಿದವು. ಅದರಲ್ಲಿ ಜಾಸ್ತಿ ಪಾಲು ಬಂದದ್ದು ಖಾಲಿ ಸೈಟು ಚೊಕ್ಕ ಮಾಡಿದ್ದರಿಂದ, ದೀಪ ಹಾಕಿಸಿದ್ದರಿಂದ, ಪಾಳು ಕಟ್ಟಡಕ್ಕೆ ಬೀಗ ಹಾಕಿದ್ದರಿಂದ. ಸಣ್ಣ ತಪ್ಪಿನ ಬಂಧನಗಳ ಪಾಲು ಅದಕ್ಕಿಂತ ಕಡಿಮೆ. ಫಿಲಡೆಲ್ಫಿಯಾದಲ್ಲಿ 541 ಖಾಲಿ ಸೈಟುಗಳ ಮೇಲೆ ಇಂಥದ್ದೇ ಪ್ರಯೋಗ ಆಯಿತು. ಕಸ ತೆಗೆದು, ಹುಲ್ಲು ಹಾಕಿ, ಗಿಡ ನೆಟ್ಟು, ಸುತ್ತ ಗಿಡ್ಡ ಮರದ ಬೇಲಿ ಕಟ್ಟಿದರು. ಬಡ ಬಡಾವಣೆಗಳಲ್ಲಿ ಅಂಥ ಸೈಟುಗಳ ಸುತ್ತ ಗುಂಡಿನ ಹಿಂಸೆ ಶೇ 29ರಷ್ಟು ಇಳಿಯಿತು ಎಂದು 2018ರಲ್ಲಿ ವರದಿಯಾಯಿತು. ಅಲ್ಲಿ ನಿಜವಾಗಿಯೂ ಜಾಗವನ್ನೇ ಸರಿಮಾಡಿದ್ದರು. ಯಾರಿಗೂ ಕೈಕೋಳ ಹಾಕಿರಲಿಲ್ಲ.

ಐದು ವರ್ಷದ ಮೇಲೆ

2015ರ ಜುಲೈನಲ್ಲಿ ನಗರವು ಗಾರ್ನರ್ ಕುಟುಂಬಕ್ಕೆ 59 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2019ರ ಜುಲೈ 16ರಂದು ಫೆಡರಲ್ ಸರ್ಕಾರವೂ ಕೇಸು ಹಾಕುವುದಿಲ್ಲ ಎಂದಿತು. ಪ್ಯಾಂಟಲಿಯೊ ಅವರನ್ನು ಅದೇ ವರ್ಷದ ಆಗಸ್ಟ್ 19ರಂದು ಕೆಲಸದಿಂದ ತೆಗೆದರು. ಅಲ್ಲಿಯವರೆಗೂ ಅವರು ಇಲಾಖೆಯಲ್ಲೇ ಇದ್ದರು.

ತೆಗೆಯುವ ಮುಂಚೆ ಇಲಾಖೆಯೊಳಗೆ ನಡೆದ ವಿಚಾರಣೆಯಲ್ಲಿ ಎರಡು ವಿಷಯ ಹೊರಬಂದವು. ಆ ಮಧ್ಯಾಹ್ನ ಗಾರ್ನರ್ ಬದುಕುಳಿಯುವುದು ಅನುಮಾನ ಎಂದು ಸಾರ್ಜೆಂಟ್ ಒಬ್ಬರು ಮೆಸೇಜ್ ಕಳಿಸಿದಾಗ, ಲೆಫ್ಟಿನೆಂಟ್ ಅವರಿಂದ ಬಂದ ಉತ್ತರ: ಅದೇನು ದೊಡ್ಡ ವಿಷಯ ಅಲ್ಲ, ನಾವು ಮಾಡುತ್ತಿದ್ದದ್ದು ಕಾನೂನುಬದ್ಧ ಬಂಧನ. ಇನ್ನೊಂದು, ಗಾರ್ನರ್ ಸತ್ತ ಮೇಲೆ ಡಮೀಕೊ ತುಂಬಿದ ಬಂಧನದ ಕಾಗದ. ಅದರಲ್ಲಿ ಹಾಕಿದ್ದು ತೆರಿಗೆ ವಂಚನೆಯ ದೊಡ್ಡ ಕೇಸು. ಆ ಕಲಂ ಅನ್ವಯವಾಗಬೇಕಾದರೆ 10,000 ಸಿಗರೇಟು ಬೇಕು. ಗಾರ್ನರ್ ಬಳಿ ಇದ್ದದ್ದು ಒಡೆಯದ ನಾಲ್ಕು ಪ್ಯಾಕ್, ಒಡೆದದ್ದು ಒಂದು. ಎಲ್ಲ ಎಣಿಸಿದರೂ ನೂರು ಸಿಗರೇಟು ಇರಲಿಲ್ಲ.